ಬಾರ್‌ಕೋಡ್ ಇಲ್ಲದ ಇಳಕಲ್ ಸೀರೆ: ಶಾಪಿಂಗ್ ಜಾಹೀರಾತಿಗೆ ಸರಕಿನ ಪಟ್ಟಿ ಬರೆಯುವ ಬಗೆ

ಗುದೈಬಿಯಾ (ಬಹರೈನ್): ಇಲ್ಲಿನ ಗಲ್ಲಿಯೊಂದರಲ್ಲಿ ಊರಿನ ಸಾಮಾನು ಮಾರುವ ಅಂಗಡಿ ಇಟ್ಟುಕೊಂಡಿರುವ ಉಡುಪಿ ಕಡೆಯ ಹಿರಿಯ ಮಿತ್ರರೊಬ್ಬರು ಇತ್ತೀಚೆಗೆ ಒಂದು ತೊಂದರೆಯೊಂದಿಗೆ ನಮ್ಮ ಬಳಿ ಬಂದಿದ್ದರು. ಅವರದು ವಾಣಿಜ್ಯ ನೋಂದಣಿ ಇರುವ ಅಂಗಡಿ. ಸಾಂಬಾರು ಪುಡಿ, ಬ್ಯಾಡಗಿ ಮೆಣಸು, ಊದುಬತ್ತಿ, ಇವುಗಳ ಜೊತೆಗೆ ಊರಿನಿಂದ ತರಿಸಿದ ಇಳಕಲ್ ಮತ್ತು ಮೈಸೂರು ರೇಷ್ಮೆ ಸೀರೆಗಳನ್ನೂ ಮಾರುತ್ತಾರೆ. ಹಬ್ಬದ ವ್ಯಾಪಾರಕ್ಕೆಂದು ಒಂದು ವೆಬ್‌ಸೈಟ್ ಮಾಡಿಸಿ, ಗೂಗಲ್‌ನಲ್ಲಿ ಚಿತ್ರ ಮತ್ತು ಬೆಲೆಯೊಂದಿಗೆ ಕಾಣಿಸುವ ಶಾಪಿಂಗ್ ಜಾಹೀರಾತಿಗೆ ಹಣವನ್ನೂ ಇಟ್ಟಿದ್ದರು. ಆದರೆ ಎರಡು ವಾರ ಕಳೆದರೂ ಅವರ ಒಂದು ಸೀರೆಯೂ ಎಲ್ಲಿಯೂ ಕಾಣಿಸಿರಲಿಲ್ಲ.

"ಎಂತ ಮಾರಾಯ್ರೆ, ದುಡ್ಡು ಇಟ್ಟದ್ದು ಹಾಗೆಯೇ ಉಂಟು, ಸೀರೆ ಮಾತ್ರ ಕಾಣುವುದಿಲ್ಲ. ಸಾಂಬಾರು ಪುಡಿ ಒಂದು ಬರುತ್ತದೆ, ಅಷ್ಟೇ" ಎಂದರು.

ಅವರ ಕಂಪ್ಯೂಟರಿನ ಮುಂದೆ ಕೂತು ನೋಡಿದಾಗ ಕಾರಣ ಹತ್ತೇ ನಿಮಿಷದಲ್ಲಿ ತಿಳಿಯಿತು. ಪಟ್ಟಿಯಲ್ಲಿ ಬಾರ್‌ಕೋಡ್ ಎಂಬ ಕಾಲಮ್ ಖಾಲಿ ಇರಬಾರದೆಂದು ಭಾವಿಸಿ, ಸಾಂಬಾರು ಪುಡಿಯ ಪೊಟ್ಟಣದ ಮೇಲಿದ್ದ 13 ಅಂಕಿಗಳನ್ನೇ ತೆಗೆದುಕೊಂಡು, ಕೊನೆಯ ಅಂಕಿಗಳನ್ನು ಒಂದೊಂದಾಗಿ ಬದಲಾಯಿಸಿ ಎಲ್ಲ ಸೀರೆಗಳಿಗೂ ಹಾಕಿದ್ದರು! ಇದೇ ತಪ್ಪನ್ನು ಗಲ್ಫಿನಲ್ಲೂ ಊರಿನಲ್ಲೂ ಸಣ್ಣ ವ್ಯಾಪಾರ ಮಾಡುವ ನಮ್ಮವರು ಮಾಡುವ ಸಾಧ್ಯತೆ ಇರುವುದರಿಂದ, ಆ ಪಟ್ಟಿಯನ್ನು ಹೇಗೆ ಸರಿಪಡಿಸಲಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುತ್ತಿದ್ದೇವೆ.

ಪಟ್ಟಿಯೇ ಜಾಹೀರಾತು

ಗೂಗಲ್‌ನಲ್ಲಿ ಬರುವ ಸಾಮಾನ್ಯ ಅಕ್ಷರದ ಜಾಹೀರಾತಿಗೆ ಯಾವ ಪದ ಹುಡುಕಿದಾಗ ನಮ್ಮದು ಕಾಣಿಸಬೇಕು ಎಂದು ನಾವೇ ಪದಗಳನ್ನು ಆರಿಸಿ ಕೊಡುತ್ತೇವೆ. ಶಾಪಿಂಗ್ ಜಾಹೀರಾತಿನಲ್ಲಿ ಹಾಗೆ ಪದ ಆರಿಸಿ ಕೊಡುವ ಪದ್ಧತಿ ಇಲ್ಲ. ನಾವು ಕೊಡುವುದು ಒಂದು ಸರಕಿನ ಪಟ್ಟಿ ಮಾತ್ರ. ಇದನ್ನು ಪ್ರಾಡಕ್ಟ್ ಫೀಡ್ ಎನ್ನುತ್ತಾರೆ. ಗೂಗಲ್ ಶೀಟ್‌ನಲ್ಲಿ ಒಂದು ಸರಕಿಗೆ ಒಂದು ಸಾಲಿನಂತೆ ಬರೆದು, ಮರ್ಚೆಂಟ್ ಸೆಂಟರ್ ಎಂಬ ಖಾತೆಗೆ ಜೋಡಿಸಿದರೆ ಸಾಕು. ಮನಾಮದಲ್ಲಿ ಯಾರೋ ಒಬ್ಬರು "ಗ್ರೀನ್ ಕಾಟನ್ ಸಾರಿ" ಎಂದು ಹುಡುಕಿದಾಗ, ಆ ಮಾತಿಗೆ ಯಾರ ಪಟ್ಟಿಯ ಯಾವ ಸಾಲು ಹೊಂದುತ್ತದೆ ಎಂದು ಯಂತ್ರವೇ ನಿರ್ಧರಿಸುತ್ತದೆ.

ಅಂದರೆ ಅಂಗಡಿಯವರ ಮಾತನ್ನು ಯಂತ್ರ ಕೇಳುವುದಿಲ್ಲ, ಅದು ಪಟ್ಟಿಯನ್ನು ಓದುತ್ತದೆ. ಓದುವಾಗ ಅದಕ್ಕೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಇದು ಯಾವ ಬಗೆಯ ವಸ್ತು? ಇದಕ್ಕೆ ವರ್ಗ ಉತ್ತರ ಹೇಳುತ್ತದೆ. ಆ ಬಗೆಯಲ್ಲಿ ನಿರ್ದಿಷ್ಟವಾಗಿ ಯಾವುದು? ಇದಕ್ಕೆ ಗುರುತು ಸಂಖ್ಯೆ. ಅದರದೇ ಜೊತೆಯ ಇನ್ನೊಂದಕ್ಕಿಂತ ಇದು ಹೇಗೆ ಬೇರೆ? ಇದಕ್ಕೆ ಬಣ್ಣ, ಅಳತೆ, ನೂಲು ಮೊದಲಾದ ಗುಣಗಳು. ಈ ಮೂರರಲ್ಲಿ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ಆಗುವ ನಷ್ಟಕ್ಕಿಂತ, ಗೊತ್ತಿಲ್ಲದ್ದನ್ನು ಕಲ್ಪಿಸಿ ಬರೆದರೆ ಆಗುವ ನಷ್ಟ ಹೆಚ್ಚು. ನಮ್ಮ ಮಿತ್ರರಿಗೆ ಆಗಿದ್ದು ಇದೇ.

ಮೊದಲು ವರ್ಗ

ಗೂಗಲ್ ತನ್ನದೇ ಆದ ಸರಕುಗಳ ವರ್ಗೀಕರಣವನ್ನು ಇಟ್ಟುಕೊಂಡಿದೆ. ದೊಡ್ಡ ಗುಂಪಿನಿಂದ ಸಣ್ಣ ಗುಂಪಿಗೆ ಇಳಿಯುತ್ತಾ ಹೋಗುವ ಈ ಪಟ್ಟಿಗೆ ನಾವು ಹೊಸ ಹೆಸರು ಸೇರಿಸುವಂತಿಲ್ಲ, ಇರುವುದರಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಅದಕ್ಕಿರುವ ಕಾಲಮ್‌ನ ಹೆಸರು `google_product_category`. ನಾವು ಏನೂ ಬರೆಯದಿದ್ದರೆ ಯಂತ್ರ ತಾನೇ ಒಂದು ವರ್ಗವನ್ನು ಹಚ್ಚುತ್ತದೆ. ಆದರೆ ಸೀರೆಯಂಥ ನಮ್ಮ ವಸ್ತುಗಳ ವಿಷಯದಲ್ಲಿ ಅದು ಎಡವಬಹುದು, ಆಗ ನಾವು ಬರೆದು ತಿದ್ದಬಹುದು.

ಮಿತ್ರರು ಎಲ್ಲ ಸೀರೆಗಳಿಗೂ ಸಾಮಾನ್ಯ ಉಡುಪು ಎಂಬ ಅರ್ಥದಲ್ಲಿ "ಡ್ರೆಸೆಸ್" ವರ್ಗವನ್ನು ಹಾಕಿದ್ದರು. ಅದು ಪಾಶ್ಚಾತ್ಯ ಶೈಲಿಯ ಹೊಲಿದ ಉಡುಪಿನ ವರ್ಗ. ಸೀರೆಗೆಂದೇ ಇನ್ನೊಂದು ವರ್ಗ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರ ಅಂಗಡಿಯ ಮೂರು ಮುಖ್ಯ ಸರಕುಗಳಿಗೆ ಸರಿಯಾದ ದಾರಿ ಹೀಗಿದೆ:

```
Apparel & Accessories > Clothing > Traditional & Ceremonial Clothing > Saris & Lehengas
Food, Beverages & Tobacco > Food Items > Seasonings & Spices > Herbs & Spices
Home & Garden > Decor > Home Fragrances > Incense
```

ಮೊದಲನೆಯದು ಸೀರೆಗೆ, ಎರಡನೆಯದು ಮೆಣಸು ಮತ್ತು ಮಸಾಲೆ ಪುಡಿಗಳಿಗೆ, ಮೂರನೆಯದು ಊದುಬತ್ತಿಗೆ. ಒಂದು ಸರಕಿಗೆ ಒಂದೇ ವರ್ಗ, ಅದೂ ಸಾಧ್ಯವಾದಷ್ಟು ಕೊನೆಯ ಮೆಟ್ಟಿಲಿನದು. ವಸ್ತುವಿನ ಮುಖ್ಯ ಉಪಯೋಗ ಏನು ಎಂದು ಕೇಳಿಕೊಂಡರೆ ಗೊಂದಲ ಇರುವುದಿಲ್ಲ. ಊದುಬತ್ತಿಯನ್ನು ಪೂಜೆಯ ಸಾಮಾನಿನ ಜೊತೆ ಇಡುತ್ತೇವೆ ನಿಜ, ಆದರೆ ಅದು ಮೂಲತಃ ಸುಗಂಧದ ವಸ್ತು.

"ಹಾಗಾದರೆ ನನ್ನ ಅಂಗಡಿಯಲ್ಲಿ ನಾನು ಮಾಡಿಕೊಂಡ ವಿಂಗಡಣೆ?" ಎಂದು ಮಿತ್ರರು ಕೇಳಿದರು. ಅವರು ಸೀರೆಗಳನ್ನು ಹಬ್ಬದ್ದು, ಮದುವೆಯದ್ದು, ದಿನಬಳಕೆಯದ್ದು ಎಂದು ಕಪಾಟಿನಲ್ಲಿ ಬೇರೆ ಬೇರೆ ಇಟ್ಟಿದ್ದಾರೆ. ಅದಕ್ಕೆ `product_type` ಎಂಬ ಬೇರೆಯೇ ಕಾಲಮ್ ಇದೆ. ಅದು ನಮ್ಮದೇ ಕಪಾಟು, ನಮಗೆ ಬೇಕಾದಂತೆ ಬರೆದುಕೊಳ್ಳಬಹುದು. ಮುಂದೆ ಮದುವೆ ಸೀರೆಗಳಿಗೆ ಮಾತ್ರ ಹೆಚ್ಚು ಹಣ ಇಡಬೇಕು ಎಂದಾಗ ಈ ವಿಂಗಡಣೆ ಉಪಯೋಗಕ್ಕೆ ಬರುತ್ತದೆ.

ಗುರುತು ಸಂಖ್ಯೆ: ಇರುವುದು, ಇಲ್ಲದ್ದು, ಇದ್ದಂತೆ ಕಾಣುವುದು

ಪೊಟ್ಟಣದ ಬಾರ್‌ಕೋಡ್‌ನ ಕೆಳಗೆ ಅಚ್ಚಾಗಿರುವ ಸಂಖ್ಯೆಗೆ ಜಿಟಿಐಎನ್ ಎಂಬ ಹೆಸರು. ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಆಯಾ ದೇಶದ ಶಾಖೆಯಿಂದ ತಯಾರಕರು ಇದನ್ನು ಪಡೆಯುತ್ತಾರೆ. 890ರಿಂದ ಆರಂಭವಾದರೆ ಕಂಪನಿ ಭಾರತದ ಶಾಖೆಯಲ್ಲಿ, 608ರಿಂದ ಆರಂಭವಾದರೆ ಬಹರೈನ್ ಶಾಖೆಯಲ್ಲಿ ನೋಂದಾಯಿಸಿದೆ ಎಂದರ್ಥ. ವಸ್ತು ಆ ದೇಶದಲ್ಲೇ ತಯಾರಾಯಿತು ಎಂದು ಇದರಿಂದ ಹೇಳಲಾಗದು. ಒಂದೇ ಸಾಂಬಾರು ಪುಡಿಯನ್ನು ಹತ್ತು ಅಂಗಡಿಗಳು ಹತ್ತು ಹೆಸರಿನಲ್ಲಿ ಬರೆದಿದ್ದರೂ, ಸಂಖ್ಯೆ ಒಂದೇ ಆಗಿರುವುದರಿಂದ ಅವೆಲ್ಲವೂ ಒಂದೇ ವಸ್ತು ಎಂದು ಯಂತ್ರಕ್ಕೆ ತಿಳಿಯುತ್ತದೆ. ಹತ್ತು ಅಂಗಡಿಗಳ ಬೆಲೆಯನ್ನು ಪಕ್ಕಪಕ್ಕದಲ್ಲಿ ತೋರಿಸಲು ಇದೇ ಆಧಾರ.

ಈ 13 ಅಂಕಿಗಳಲ್ಲಿ ಕೊನೆಯದು ತಪಾಸಣೆಯ ಅಂಕಿ. ಉಳಿದ 12ರಿಂದ ಲೆಕ್ಕ ಮಾಡಿ ಅದನ್ನು ಪಡೆಯಲಾಗುತ್ತದೆ. ಮಾದರಿಗಾಗಿ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಎಡದಿಂದ ಎಣಿಸಿ ಮೊದಲನೆಯ, ಮೂರನೆಯ, ಐದನೆಯ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಿಸಿ: 8, 0, 2, 4, 6, 8 ಸೇರಿ 28. ಸಮ ಸ್ಥಾನದ ಅಂಕಿಗಳು 9, 1, 3, 5, 7, 9 ಸೇರಿ 34, ಇದನ್ನು ಮೂರರಿಂದ ಗುಣಿಸಿದರೆ 102. ಎರಡನ್ನೂ ಕೂಡಿದರೆ 130. ಇದನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. 130 ಆಗಲೇ ಹತ್ತರ ಗುಣಕವಾಗಿರುವುದರಿಂದ ಕೊನೆಯ ಅಂಕಿ 0. ಸಂಖ್ಯೆ ಸರಿಯಾಗಿದೆ.

ಈಗ ಕೈತಪ್ಪಿ 2 ಮತ್ತು 3 ಅದಲುಬದಲಾಗಿ 8901324567890 ಎಂದು ಟೈಪಾಯಿತು ಎನ್ನಿ. ಆಗ ಬೆಸ ಸ್ಥಾನ 29, ಸಮ ಸ್ಥಾನ 33, ಅದರ ಮೂರರಷ್ಟು 99, ಒಟ್ಟು 128. ಕೊನೆಯ ಅಂಕಿ 2 ಆಗಬೇಕಿತ್ತು, ಆದರೆ ಪಟ್ಟಿಯಲ್ಲಿ 0 ಇದೆ. ಯಂತ್ರ ತಕ್ಷಣ ತಪ್ಪು ಎಂದು ಹೇಳುತ್ತದೆ. ನಮ್ಮ ಮಿತ್ರರು ಕೊನೆಯ ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬದಲಾಯಿಸಿದ್ದರಿಂದ ಬಹುಪಾಲು ಸೀರೆಗಳು ಈ ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದವು.

ಅದೃಷ್ಟವಶಾತ್ ಲೆಕ್ಕಕ್ಕೆ ಸರಿಹೊಂದಿದ ನಾಲ್ಕೈದು ಸಂಖ್ಯೆಗಳೂ ಇದ್ದವು. "ಇವಾದರೂ ಪಾಸಾಯಿತಲ್ಲ" ಎಂದು ಅವರು ನಕ್ಕರು. ಆದರೆ ಅಪಾಯ ಇದ್ದದ್ದು ಅವುಗಳಲ್ಲೇ. ತಪಾಸಣೆಯ ಅಂಕಿ ಟೈಪಿಂಗ್ ಸರಿ ಇದೆಯೇ ಎಂಬುದನ್ನು ಮಾತ್ರ ಹೇಳುತ್ತದೆ, ಸಂಖ್ಯೆ ಈ ವಸ್ತುವಿನದೇ ಎಂಬುದನ್ನಲ್ಲ. ಅಂಥ ಸಂಖ್ಯೆ ಬೇರೊಂದು ಕಂಪನಿಯ ರಸಂ ಪುಡಿಯದೋ ಸೋಪಿನದೋ ಆಗಿರಬಹುದು. ಸೀರೆಯನ್ನು ಯಂತ್ರ ಆ ವಸ್ತುವಿನ ಜೊತೆ ಸೇರಿಸಿಬಿಟ್ಟರೆ, ಅದು ಎಂದೂ ಸೀರೆ ಹುಡುಕುವವರಿಗೆ ಕಾಣುವುದಿಲ್ಲ.

ಅಂಗಡಿಯ ಸರಕನ್ನು ನಾವು ಮೂರು ರಾಶಿ ಮಾಡಿದೆವು. ಮೊದಲ ರಾಶಿ ಕಂಪನಿಯ ಪೊಟ್ಟಣಗಳು. ಇವುಗಳಿಗೆ ಪೊಟ್ಟಣ ಕೈಯಲ್ಲಿ ಹಿಡಿದು, ಮೇಲೆ ಇದ್ದದ್ದನ್ನೇ ನೋಡಿ `gtin` ಕಾಲಮ್‌ನಲ್ಲಿ ಬರೆದದ್ದಾಯಿತು. 100 ಗ್ರಾಂ ಮತ್ತು 200 ಗ್ರಾಂ ಪೊಟ್ಟಣಗಳಿಗೆ ಬೇರೆ ಬೇರೆ ಸಂಖ್ಯೆ ಇರುತ್ತದೆ, ಒಂದರದನ್ನು ಇನ್ನೊಂದಕ್ಕೆ ಹಾಕಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಕ್ಸೆಲ್‌ನಲ್ಲಿ 13 ಅಂಕಿಯ ಸಂಖ್ಯೆ ಟೈಪು ಮಾಡಿದರೆ ಅದು `8.90123E+12` ಎಂದು ಬದಲಾಗುವುದುಂಟು. ಅದನ್ನು ಹಾಗೆಯೇ ಉಳಿಸಿದರೆ ಹಿಂದಿನ ಅಂಕಿಗಳೆಲ್ಲ ಹೋಗಿಬಿಡುತ್ತವೆ. ಅಮೆರಿಕದ ಕೆಲವು ಸರಕುಗಳ ಸಂಖ್ಯೆ ಸೊನ್ನೆಯಿಂದ ಆರಂಭವಾಗುತ್ತದೆ, ಆ ಸೊನ್ನೆಯೂ ಮಾಯವಾಗುತ್ತದೆ. ಆದ್ದರಿಂದ ಟೈಪು ಮಾಡುವ ಮೊದಲೇ ಆ ಕಾಲಮ್ ಅನ್ನು ಅಕ್ಷರ ರೂಪಕ್ಕೆ, ಅಂದರೆ ಟೆಕ್ಸ್ಟ್ ಎಂದು ಬದಲಾಯಿಸಿಕೊಳ್ಳಬೇಕು. ಆಮೇಲೆ ಬದಲಾಯಿಸಿದರೆ ಕಳೆದುಹೋದ ಅಂಕಿಗಳು ವಾಪಸು ಬರುವುದಿಲ್ಲ.

ಎರಡನೆಯ ರಾಶಿ ಅಂಗಡಿಯಲ್ಲೇ ತೂಗಿ ಕಟ್ಟಿದ್ದು. ಬ್ಯಾಡಗಿ ಮೆಣಸನ್ನು ಚೀಲದಿಂದ ತೆಗೆದು ಅರ್ಧ ಕಿಲೋ ಪೊಟ್ಟಣ ಮಾಡಿ, ತಕ್ಕಡಿ ಯಂತ್ರದಿಂದ ಬಂದ ಚೀಟಿ ಅಂಟಿಸಿರುತ್ತಾರೆ. ಆ ಚೀಟಿಯ ಮೇಲೂ ಬಾರ್‌ಕೋಡ್ ಇರುತ್ತದೆ! ಆದರೆ ಅದು 2ರಿಂದ ಆರಂಭವಾಗುತ್ತದೆ. 2ರಿಂದ ಆರಂಭವಾಗುವ ಸಂಖ್ಯೆಗಳು ಅಂಗಡಿಯ ಒಳಗಿನ ಬಳಕೆಗೆ ಮೀಸಲು. ನಮ್ಮ ಅಂಗಡಿಯಲ್ಲಿ ಮೆಣಸಾಗಿರುವ ಸಂಖ್ಯೆ ಮುಂದಿನ ಬೀದಿಯ ಅಂಗಡಿಯಲ್ಲಿ ಬಾಳೆಹಣ್ಣಾಗಿರಬಹುದು. ಅದಕ್ಕಾಗಿಯೇ ಫೀಡ್‌ನಲ್ಲಿ ಇದನ್ನು ಒಪ್ಪುವುದಿಲ್ಲ.

ಮೂರನೆಯ ರಾಶಿ ಸೀರೆಗಳು. ಇಳಕಲ್ ಸೀರೆ ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆಯ ಮಗ್ಗದಿಂದ ಬಂದದ್ದು, ಅದಕ್ಕೆ ಬಾರ್‌ಕೋಡ್ ಇಲ್ಲ. ಮೈಸೂರು ರೇಷ್ಮೆಯ ವಿಷಯದಲ್ಲಿ ಮಿತ್ರರು ಒಂದು ವಾದ ಮುಂದಿಟ್ಟರು. "ಇದರಲ್ಲಿ ನಂಬರ್ ಉಂಟು ನೋಡಿ" ಎಂದು ಸೆರಗು ಬಿಡಿಸಿ ತೋರಿಸಿದರು. ನಿಜ, ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಸಲಿ ಸೀರೆಗೆ ಹಾಲೊಗ್ರಾಂ ಮತ್ತು ಪ್ರತ್ಯೇಕ ಸಂಖ್ಯೆ ಇರುತ್ತದೆ. ಆದರೆ ಅದು ಆ ಒಂದು ಸೀರೆ ಅಸಲಿ ಎಂದು ತಿಳಿಯಲು ಇರುವ ಸಂಖ್ಯೆ. ನಮ್ಮ ಪಾಸ್‌ಪೋರ್ಟ್ ಸಂಖ್ಯೆಯ ಹಾಗೆ ಒಬ್ಬರಿಗೆ ಒಂದು. ಜಿಟಿಐಎನ್ ಹಾಗಲ್ಲ, ಒಂದೇ ಬಗೆಯ ಸಾವಿರ ಪೊಟ್ಟಣಗಳಿಗೂ ಒಂದೇ. ಆದ್ದರಿಂದ ಸೆರಗಿನ ಸಂಖ್ಯೆಯನ್ನು `gtin` ಕಾಲಮ್‌ನಲ್ಲಿ ಹಾಕುವಂತಿಲ್ಲ.

ಹಾಗಾದರೆ ಸಂಖ್ಯೆ ಇಲ್ಲದ ವಸ್ತುವಿಗೆ ದಾರಿ ಏನು? ಅದಕ್ಕೆ `identifier_exists` ಎಂಬ ಕಾಲಮ್ ಇದೆ. ಅದರಲ್ಲಿ `no` ಎಂದು ಬರೆದರೆ, ಈ ವಸ್ತುವಿಗೆ ತಯಾರಕರು ಕೊಟ್ಟ ಗುರುತು ಇಲ್ಲ ಎಂದು ನಾವೇ ಹೇಳಿದಂತಾಯಿತು. ಕೈಮಗ್ಗದ ಬಟ್ಟೆ, ಕೈಯಲ್ಲಿ ಮಾಡಿದ ವಸ್ತುಗಳಿಗೆ ಇದು ಸರಿಯಾದ ಉತ್ತರ. `brand` ಕಾಲಮ್‌ನಲ್ಲಿ "ಜೆನೆರಿಕ್" ಎಂದೋ "ನೋ ಬ್ರಾಂಡ್" ಎಂದೋ ತುಂಬಿಸದೆ ಖಾಲಿ ಬಿಡಬೇಕು. ಅಂಗಡಿಯ ಹೆಸರನ್ನು ಬ್ರಾಂಡ್ ಎಂದು ಹಾಕುವುದು ವಸ್ತುವನ್ನು ನಾವೇ ತಯಾರಿಸಿ ಅಥವಾ ನಮ್ಮದೇ ಹೆಸರಿನಲ್ಲಿ ಕಟ್ಟಿ ಮಾರುತ್ತಿದ್ದರೆ ಮಾತ್ರ. ಮೆಣಸಿನ ಪೊಟ್ಟಣಕ್ಕೆ ಅದು ಸರಿ, ಮೈಸೂರು ರೇಷ್ಮೆಗೆ ತಪ್ಪು. ಅಲ್ಲಿ ಬ್ರಾಂಡ್ ನಿಗಮದ್ದೇ.

ಆದರೆ ಇದನ್ನು ಸುಲಭದ ದಾರಿ ಎಂದು ತಿಳಿದು ಎಲ್ಲ ಸರಕಿಗೂ `no` ಬರೆಯಬಾರದು. ಸಾಂಬಾರು ಪುಡಿಗೆ ಸಂಖ್ಯೆ ಇದೆ ಎಂಬುದು ಬೇರೆ ಅಂಗಡಿಗಳ ಪಟ್ಟಿಯಿಂದ ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ. ಅಲ್ಲಿ `no` ಎಂದರೆ ಅದೂ ಸುಳ್ಳೇ ಆಗುತ್ತದೆ, ಸರಕು ತಡೆಹಿಡಿಯಲ್ಪಡಬಹುದು.

ಬಣ್ಣ, ನೂಲು, ಜೋಡಿ

ಗುರುತು ಸಂಖ್ಯೆ ಇಲ್ಲದ ಸೀರೆಯನ್ನು ಯಂತ್ರ ಅರಿಯುವುದು ಅದರ ಹೆಸರು ಮತ್ತು ಗುಣಗಳಿಂದ ಮಾತ್ರ. ಆದ್ದರಿಂದ ಇಲ್ಲಿ ಹೆಚ್ಚು ಶ್ರಮ ಬೇಕು. ಮಿತ್ರರ ಪಟ್ಟಿಯಲ್ಲಿ ಎಲ್ಲ ಸೀರೆಗಳ ಬಣ್ಣವೂ "ಮಲ್ಟಿಕಲರ್", ಎಲ್ಲದರ ಹೆಸರೂ "ಬ್ಯೂಟಿಫುಲ್ ಇಳಕಲ್ ಸಾರಿ, ಹಬ್ಬದ ಆಫರ್" ಎಂದಿತ್ತು. ಹೆಸರಿನಲ್ಲಿ ಆಫರ್, ಉಚಿತ ಡೆಲಿವರಿ ಎಂಬ ಪ್ರಚಾರದ ಮಾತು ಇರಬಾರದು ಎಂಬ ನಿಯಮವಿದೆ. ನಿಯಮದ ಮಾತು ಬಿಟ್ಟರೂ, ಹತ್ತು ಸೀರೆಗೆ ಒಂದೇ ಹೆಸರಿದ್ದರೆ ಹಸಿರು ಸೀರೆ ಕೇಳಿದವರಿಗೆ ಯಾವುದನ್ನು ತೋರಿಸಬೇಕು?

ಒಂದು ಸೀರೆಯನ್ನು ಮೇಜಿನ ಮೇಲೆ ಹರಡಿ, ನೋಡಿ ನೋಡಿ ಬರೆದೆವು. ಹಸಿರು ಮೈ, ಮರೂನ್ ಅಂಚು. ಮೈ ಹತ್ತಿ ನೂಲು, ಸೆರಗು ಆರ್ಟ್ ಸಿಲ್ಕ್. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಪದ್ಧತಿ ಇರುವುದರಿಂದ ಮೈ ಒಂದು ನೂಲು, ಸೆರಗು ಇನ್ನೊಂದು ನೂಲು ಆಗಿರುವುದು ಸಾಮಾನ್ಯ. ಫೀಡ್‌ನಲ್ಲಿ ಬಣ್ಣ ಮತ್ತು ನೂಲು ಎರಡಕ್ಕೂ ಮುಖ್ಯವಾದದ್ದನ್ನು ಮೊದಲು ಬರೆದು, ಓರೆಗೆರೆ ಹಾಕಿ ಇನ್ನೆರಡರವರೆಗೆ ಸೇರಿಸಬಹುದು. ಕೊನೆಗೆ ತಯಾರಾದ ಸಾಲು ಹೀಗಿತ್ತು. ಓದಲು ಸುಲಭವಾಗಲೆಂದು ಅಡ್ಡ ಸಾಲನ್ನು ಮೇಲಿಂದ ಕೆಳಗೆ ಬರೆದಿದ್ದೇವೆ. ವೆಬ್ ವಿಳಾಸಗಳು ಮಾದರಿಗಾಗಿ ಮಾತ್ರ.

```
id                 ILK-017-GRN
item_group_id      ILK-017
title              Ilkal Handloom Saree, Cotton with Art Silk Pallu, Green with Maroon Border
link               https://www.example.com/ilk-017?color=green
image_link         https://www.example.com/img/ilk-017-green.jpg
price              13.200 BHD
availability       in_stock
condition          new
identifier_exists  no
color              Green/Maroon
material           Cotton/Art Silk
size               One Size
gender             female
age_group          adult
product_type       Sarees > Festival > Ilkal
```

ಇದರ ಜೊತೆಗೆ ವಿವರಣೆಯ `description` ಮತ್ತು ಮೇಲೆ ಹೇಳಿದ ವರ್ಗದ ಕಾಲಮ್‌ಗಳೂ ಇವೆ. ಇಲ್ಲಿ ಗಮನಿಸಬೇಕಾದದ್ದು ಮೊದಲ ಎರಡು ಸಾಲು. ಇದೇ ವಿನ್ಯಾಸದ ಸೀರೆ ಅಂಗಡಿಯಲ್ಲಿ ಹಸಿರು, ನೀಲಿ, ಕಪ್ಪು ಮೂರು ಬಣ್ಣಗಳಲ್ಲಿದೆ. ಮೂರಕ್ಕೂ `item_group_id` ಒಂದೇ, ಆದರೆ `id` ಬೇರೆ ಬೇರೆ. ಒಂದು ಮನೆಯ ಮೂರು ಮಕ್ಕಳಿಗೆ ಮನೆತನದ ಹೆಸರು ಒಂದೇ, ಸ್ವಂತ ಹೆಸರು ಬೇರೆ ಎಂಬಂತೆ. ಪ್ರತಿ ಬಣ್ಣಕ್ಕೂ ಅದರದೇ ಚಿತ್ರ ಇರಬೇಕು, ಮತ್ತು ಲಿಂಕ್ ಒತ್ತಿದಾಗ ಅದೇ ಬಣ್ಣ ತೆರೆದುಕೊಳ್ಳಬೇಕು. ನೀಲಿ ಸೀರೆಯ ಜಾಹೀರಾತು ಒತ್ತಿದವರಿಗೆ ಹಸಿರು ಕಂಡರೆ ಅವರು ಹಿಂದಿರುಗುತ್ತಾರೆ, ಒತ್ತಿದ್ದಕ್ಕೆ ಹಣ ಮಾತ್ರ ಹೋಗಿರುತ್ತದೆ.

ಬಣ್ಣ, ಅಳತೆ, ವಯೋಗುಂಪು, ಲಿಂಗ ಈ ನಾಲ್ಕು ಗುಣಗಳನ್ನು ಬಟ್ಟೆಗಳ ಶಾಪಿಂಗ್ ಜಾಹೀರಾತಿಗೆ ಕಡ್ಡಾಯ ಮಾಡಿರುವ ದೇಶಗಳಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳೂ ಸೇರಿವೆ. ಬಹರೈನ್‌ಗೆ ಅಷ್ಟು ಬಿಗಿ ಇಲ್ಲದಿದ್ದರೂ, ಸಂಖ್ಯೆ ಇಲ್ಲದ ಸೀರೆಗೆ ಇವೇ ಆಧಾರವಾಗಿರುವುದರಿಂದ ಬಿಡಬಾರದು. ಬಣ್ಣದ ಕಾಲಮ್‌ನಲ್ಲಿ "ರಾಮಾ ಗ್ರೀನ್" ಎಂದು ಬರೆಯಲು ಮಿತ್ರರಿಗೆ ಆಸೆ ಇತ್ತು. ಅದನ್ನು ಹೆಸರಿನಲ್ಲಿ ಸೇರಿಸಿ, ಕಾಲಮ್‌ನಲ್ಲಿ ಎಲ್ಲರಿಗೂ ತಿಳಿಯುವ ಸಾದಾ ಹಸಿರನ್ನೇ ಇಟ್ಟೆವು.

ಕೈಮಗ್ಗ ಎಂಬ ಮಾತಿನ ಬಗ್ಗೆಯೂ ಒಂದು ಕ್ಷಣ ಚರ್ಚೆ ನಡೆಯಿತು. ಅವರ ಬಳಿ ಇದ್ದ ಕೆಲವು ಸೀರೆಗಳು ವಿದ್ಯುತ್ ಮಗ್ಗದವು, ಬೆಲೆಯೂ ಕಡಿಮೆ. "ಇದಕ್ಕೂ ಹ್ಯಾಂಡ್‌ಲೂಮ್ ಅಂತ ಹಾಕುವುದಾ?" ಎಂದರು. ನಾವು ಬೇಡವೆಂದೆವು. ಸುಳ್ಳು ವರ್ಣನೆಗೆ ಒಂದು ಸರಕಷ್ಟೇ ಅಲ್ಲ, ಇಡೀ ಖಾತೆಯೇ ಮುಚ್ಚಿಹೋಗಬಹುದು. ನೇಕಾರರಿಗೂ ಅದು ಅನ್ಯಾಯ. ಅವರು ತಲೆಯಾಡಿಸಿ, ಆ ಹನ್ನೊಂದು ಸೀರೆಗಳ ಸಾಲಿನಿಂದ ಆ ಪದವನ್ನು ತಾವೇ ಅಳಿಸಿದರು.

ಬೆಲೆ ಮತ್ತು ಚಿತ್ರ

ಪಟ್ಟಿ ಸರಿಯಾದ ಮೇಲೂ ಸೀರೆಗಳು ತಡೆಹಿಡಿಯಲ್ಪಡಲು ಇನ್ನೆರಡು ಕಾರಣಗಳಿದ್ದವು. ಯಂತ್ರ ಪಟ್ಟಿಯನ್ನು ಓದಿದ ನಂತರ ನಮ್ಮ ವೆಬ್‌ಸೈಟಿಗೂ ಬಂದು, ಎರಡೂ ಕಡೆ ಬೆಲೆ ಒಂದೇ ಇದೆಯೇ ಎಂದು ನೋಡುತ್ತದೆ. ಬಹರೈನ್‌ನಲ್ಲಿ ಮೌಲ್ಯವರ್ಧಿತ ತೆರಿಗೆ 2019ರಲ್ಲಿ ಶೇಕಡಾ 5ರಷ್ಟಿದ್ದು ಆರಂಭವಾಗಿ, 2022ರ ಜನವರಿಯಿಂದ ಶೇಕಡಾ 10 ಆಗಿದೆ. ಮಿತ್ರರ ವೆಬ್‌ಪುಟದಲ್ಲಿ ಸೀರೆಗೆ 12 ದಿನಾರ್ ಎಂದಿತ್ತು, ತೆರಿಗೆ ಹಣ ಕಟ್ಟುವಾಗ ಸೇರುತ್ತಿತ್ತು. ಫೀಡ್‌ನಲ್ಲಿ ತೆರಿಗೆ ಸೇರಿಸಿದ ಬೆಲೆ ಕೊಡಬೇಕು, ಪುಟದಲ್ಲಿಯೂ ಅದೇ ಕಾಣಬೇಕು. ಆದ್ದರಿಂದ ಎರಡೂ ಕಡೆ 13.200 ಆಯಿತು. ಇನ್ನೊಂದು ಸಣ್ಣ ವಿಷಯ: ನಮ್ಮ ದಿನಾರ್‌ಗೆ ಸಾವಿರ ಫಿಲ್ಸ್ ಇರುವುದರಿಂದ ಚುಕ್ಕೆಯ ನಂತರ ಮೂರು ಅಂಕಿ ಬರೆಯುತ್ತೇವೆ. ಚುಕ್ಕೆಯ ಬದಲು ಅಲ್ಪವಿರಾಮ ಬಿದ್ದರೆ ಸೀರೆಯ ಬೆಲೆ ಹದಿಮೂರು ಸಾವಿರದ ಇನ್ನೂರು ದಿನಾರ್ ಎಂದು ಓದಿಸಿಕೊಳ್ಳುವ ಸಂಭವವಿದೆ!

ಚಿತ್ರಗಳ ಮೇಲೆ ಅಂಗಡಿಯ ಹೆಸರು ಮತ್ತು ಮೊಬೈಲ್ ಸಂಖ್ಯೆ ದೊಡ್ಡದಾಗಿ ಅಚ್ಚಾಗಿತ್ತು. ವಾಟ್ಸಾಪ್‌ನಲ್ಲಿ ಕಳುಹಿಸಲು ಅದು ಸರಿ. ಶಾಪಿಂಗ್ ಜಾಹೀರಾತಿನ ಚಿತ್ರದ ಮೇಲೆ ಬರಹ, ಮುದ್ರೆ ಯಾವುದೂ ಇರಕೂಡದು. ಮಿತ್ರರ ಮಗಳು ಒಂದು ಶುಕ್ರವಾರ ಕೂತು ಬಿಳಿ ಗೋಡೆಯ ಮುಂದೆ ಎಲ್ಲ ಸೀರೆಗಳ ಫೋಟೋ ಹೊಸದಾಗಿ ತೆಗೆದಳು.

ಸರಿಯಾಯಿತೆಂದು ತಿಳಿಯುವುದು ಹೇಗೆ?

ಮರ್ಚೆಂಟ್ ಸೆಂಟರ್‌ನ ಸರಕುಗಳ ಪುಟದಲ್ಲಿ `Needs attention` ಎಂಬ ವಿಭಾಗ ಇದೆ. ಯಾವ ಸರಕಿಗೆ ಏನು ತೊಂದರೆ ಎಂದು ಅಲ್ಲಿ ಕಾರಣಗಳ ಸಮೇತ ತೋರಿಸಲಾಗುತ್ತದೆ. ಹಣ ಇಟ್ಟೂ ಜಾಹೀರಾತು ಕಾಣದಿದ್ದರೆ ಇನ್ನಷ್ಟು ಹಣ ಸೇರಿಸುವ ಮೊದಲು ನೋಡಬೇಕಾದ ಜಾಗ ಇದು. ಒಂದೇ ಕಾರಣಕ್ಕೆ ಹೆಚ್ಚು ಸರಕುಗಳು ನಿಂತಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ತಿದ್ದಿದ ತಕ್ಷಣ ಫಲ ಕಾಣುವುದಿಲ್ಲ, ಮತ್ತೆ ಪರಿಶೀಲನೆ ಮುಗಿಯಲು ಕೆಲವು ದಿನ ಹಿಡಿಯಬಹುದು.

ಒಮ್ಮೆ ಕೊಟ್ಟ ಸರಕಿನ ಮಾಹಿತಿಗೆ 30 ದಿನಗಳ ಆಯುಷ್ಯ. ಅಷ್ಟರೊಳಗೆ ಪಟ್ಟಿ ಹೊಸದಾಗಿ ತಲುಪದಿದ್ದರೆ ಸರಕು ತಾನಾಗಿಯೇ ಇಳಿದುಹೋಗುತ್ತದೆ. ಗೂಗಲ್ ಶೀಟ್ ಅನ್ನು ದಿನಕ್ಕೊಮ್ಮೆ ತಾನೇ ಓದಿಕೊಳ್ಳುವಂತೆ ಸಮಯ ನಿಗದಿ ಮಾಡಿಟ್ಟರೆ ಈ ಚಿಂತೆ ಇಲ್ಲ. ಆದರೆ ಒಂದೇ ಒಂದು ಇರುವ ಸೀರೆ ಅಂಗಡಿಯ ಕೌಂಟರಿನಲ್ಲಿ ಮಾರಿಹೋದರೆ, ಅಂದೇ ಶೀಟ್‌ನಲ್ಲಿಯೂ ವೆಬ್‌ಪುಟದಲ್ಲಿಯೂ `out_of_stock` ಎಂದು ಬದಲಾಯಿಸುವ ಕೆಲಸ ನಮ್ಮದೇ. ಮುಂದೆ ಬೇರೆ ಸೀರೆ ಬಂದಾಗ ಹಳೆಯ `id` ಅನ್ನು ಅದಕ್ಕೆ ಕೊಡಬಾರದು. ಯಂತ್ರಕ್ಕೆ ಆ `id` ಎಂದರೆ ಹಳೆಯ ಸೀರೆಯೇ.

ಇಷ್ಟೆಲ್ಲ ಮಾಡಿದರೆ ವ್ಯಾಪಾರ ಆಗಿಯೇ ಆಗುತ್ತದೆ ಎಂದಲ್ಲ. ಸರಿಯಾದ ಪಟ್ಟಿ ಸೀರೆಯನ್ನು ಹುಡುಕುವವರ ಕಣ್ಣಿನವರೆಗೆ ತಲುಪಿಸುತ್ತದೆ, ಅಷ್ಟೇ. ಬೆಲೆ, ಸೀರೆಯ ಚಂದ, ಎಷ್ಟು ಜನ ಅದನ್ನು ಹುಡುಕುತ್ತಾರೆ ಎಂಬುದು ಬೇರೆ ಮಾತು. ಬ್ಯಾಡಗಿ ಮೆಣಸಿಗೆ ಸಂಖ್ಯೆ ಬೇಕೆಂದರೆ ಜಿಎಸ್1 ಬಹರೈನ್‌ನಲ್ಲಿ ನೋಂದಾಯಿಸಿ ಪಡೆಯಬಹುದು. ಅದಕ್ಕೆ ಶುಲ್ಕ ಇರುವುದರಿಂದ ಮಿತ್ರರು ಸದ್ಯಕ್ಕೆ `no` ಎಂದೇ ಬಿಟ್ಟಿದ್ದಾರೆ.

ಪಟ್ಟಿ ತಿದ್ದಿ ಕಳುಹಿಸಿದ ಒಂದು ವಾರದ ಬಳಿಕ ಅವರು ಫೋನ್ ಮಾಡಿದರು. ಇಳಕಲ್ ಸೀರೆಗಳು ಕಾಣಿಸತೊಡಗಿದ್ದವು. ಜುಫೇರ್‌ನಿಂದ ಧಾರವಾಡ ಕಡೆಯ ಮಹಿಳೆಯೊಬ್ಬರು ಹಸಿರು ಸೀರೆಯ ಜಾಹೀರಾತು ನೋಡಿ ಅಂಗಡಿಗೇ ಬಂದು, "ಇದು ಖರೇ ಕೈಮಗ್ಗದ್ದ ಏನ್ರೀ?" ಎಂದು ಕೇಳಿದರಂತೆ. ಮಿತ್ರರು ಸೆರಗಿನ ಜೋಡಣೆಯನ್ನು ತಿರುಗಿಸಿ ತೋರಿಸಿದರಂತೆ. ಅವರು ಬೆರಳಿನಲ್ಲಿ ಮುಟ್ಟಿ ನೋಡಿ, ಹಸಿರಿನ ಜೊತೆಗೆ ಕಪ್ಪನ್ನೂ ಕೊಂಡುಹೋದರಂತೆ. ಅಂದು ಸಂಜೆಯೇ ಎರಡೂ ಸಾಲುಗಳಲ್ಲಿ `out_of_stock` ಎಂದು ಬರೆದುದಾಗಿ ಮಿತ್ರರು ತಿಳಿಸಿದ್ದಾರೆ.